ನೇರ ಮಾರಾಟದ ಚಿತ್ರಗಳಿಗೆ ಅಡಿಬರಹ: ತೆರಿಗೆ, ಸಾಗಣೆ ಮತ್ತು ಷರತ್ತು ಸಹಿತ ಬೆಲೆಯನ್ನು ನಮೂದಿಸುವ ವಿಧಾನ

ಮಾವು, ಬೆಲ್ಲ, ಜೇನು, ಗಾಣದ ಎಣ್ಣೆ, ಸಿರಿಧಾನ್ಯ ಮುಂತಾದ ಉತ್ಪನ್ನಗಳನ್ನು ವಾಟ್ಸಾಪ್, ಫೇಸ್‌ಬುಕ್ ಹಾಗೂ ಇನ್‌ಸ್ಟಾಗ್ರಾಂ ಮೂಲಕ ನೇರವಾಗಿ ಗ್ರಾಹಕರಿಗೆ ಮಾರುವ ರೈತರು ಸಾಮಾನ್ಯವಾಗಿ ಉತ್ಪನ್ನದ ಒಂದು ಚಿತ್ರವನ್ನು ಹಾಕಿ ಅದರ ಕೆಳಗೆ ಎರಡು ಮೂರು ಸಾಲಿನ ಅಡಿಬರಹ ಬರೆಯುತ್ತಾರೆ. ಕ್ಯಾಪ್ಷನ್ ಎಂದು ಕರೆಯುವ ಈ ಅಡಿಬರಹವೇ ಇಲ್ಲಿ ಅಂಗಡಿಯ ದರಪಟ್ಟಿ. ಅದರಲ್ಲಿ ಕಂಡ ಬೆಲೆಗೂ ಹಣ ಕಳುಹಿಸುವಾಗ ಕೇಳುವ ಮೊತ್ತಕ್ಕೂ ವ್ಯತ್ಯಾಸ ಬಂದಾಗ ಗ್ರಾಹಕರು ಬೇಡಿಕೆಯನ್ನು ಕೈಬಿಡುತ್ತಾರೆ; ಹಣ ಕಳುಹಿಸಿದ ಮೇಲೆ ವ್ಯತ್ಯಾಸ ತಿಳಿದರೆ ತಕರಾರು ಮಾಡುತ್ತಾರೆ. ಬೇಗ ಕೆಡುವ ಹಣ್ಣಿನ ವಿಷಯದಲ್ಲಿ ಇದರ ನಷ್ಟ ನೇರವಾಗಿ ಬೆಳೆಗಾರರದ್ದು. ಬೇಡಿಕೆಯನ್ನು ನಂಬಿ ಕೊಯ್ದ ಕಾಯಿಯನ್ನು ಮರಳಿ ಮರಕ್ಕೆ ಕಟ್ಟಲಾಗದು.

ಈ ಲೇಖನದಲ್ಲಿ ರಾಮನಗರ ಭಾಗದ ಒಬ್ಬ ಬಾದಾಮಿ ಮಾವಿನ ಬೆಳೆಗಾರರ 3 ಕೆ.ಜಿ. ಪೆಟ್ಟಿಗೆಯ ಮಾರಾಟವನ್ನು ಉದಾಹರಣೆಯಾಗಿ ಇಟ್ಟುಕೊಂಡು ಒಟ್ಟು ಬೆಲೆಯನ್ನು ಲೆಕ್ಕ ಹಾಕುವ ಮತ್ತು ಬರೆಯುವ ಕ್ರಮವನ್ನು ವಿವರಿಸಲಾಗಿದೆ. ತೆರಿಗೆ ಅನ್ವಯಿಸುವ ಉತ್ಪನ್ನದ ಕ್ರಮವನ್ನು ತಿಳಿಸಲು ಬೆಲ್ಲದ ಪುಡಿಯ ಉದಾಹರಣೆಯನ್ನೂ ನೀಡಲಾಗಿದೆ. ಇಲ್ಲಿನ ಬೆಲೆ ಹಾಗೂ ಸಾಗಣೆ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ರೈತರು ತಮ್ಮ ದರಗಳನ್ನು ಆ ಜಾಗದಲ್ಲಿ ಹಾಕಿಕೊಳ್ಳಬೇಕು.

ಸಾಮಾನ್ಯವಾಗಿ ಕಂಡುಬರುವ ಅಡಿಬರಹ

ಹಂಗಾಮಿನಲ್ಲಿ ಈ ಬಗೆಯ ಬರಹಗಳು ಹೇರಳವಾಗಿ ಕಾಣಸಿಗುತ್ತವೆ:

> ತೋಟದಿಂದ ನೇರ ಬಾದಾಮಿ ಮಾವು! ಕೆ.ಜಿ.ಗೆ ಕೇವಲ ₹150. ಟ್ಯಾಕ್ಸ್ ಮತ್ತು ಡೆಲಿವರಿ ಪ್ರತ್ಯೇಕ. ಷರತ್ತುಗಳು ಅನ್ವಯ. ಬೇಗ ಬುಕ್ ಮಾಡಿ.

ಇದನ್ನು ಓದಿದ ಬೆಂಗಳೂರಿನ ಗ್ರಾಹಕರು 3 ಕೆ.ಜಿ.ಗೆ ₹450 ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾರೆ. ಬೆಳೆಗಾರರ ಲೆಕ್ಕ ಬೇರೆಯೇ ಇರುತ್ತದೆ. ಹಣ್ಣಿಗೆ ₹450, ರಟ್ಟಿನ ಪೆಟ್ಟಿಗೆ, ಕಾಗದ ಮತ್ತು ಹುಲ್ಲಿಗೆ ₹40, ಕೊರಿಯರ್‌ಗೆ ₹118, ಒಟ್ಟು ₹608. ಗ್ರಾಹಕರು ಎಣಿಸಿದ ಮೊತ್ತಕ್ಕಿಂತ ಇದು ₹158 ಹೆಚ್ಚು, ಅಂದರೆ ಶೇ. 35ರಷ್ಟು ಅಧಿಕ. ಈ ₹158ರಲ್ಲಿ ಬೆಳೆಗಾರರಿಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ. ಆದರೂ ಅದು ಕೊನೆಯಲ್ಲಿ ಹೊರಬಂದುದರಿಂದ ಗ್ರಾಹಕರ ಕಣ್ಣಿಗೆ ಅಧಿಕ ವಸೂಲಿಯಾಗಿಯೇ ಕಾಣುತ್ತದೆ.

ಮೇಲಿನ ಬರಹದಲ್ಲಿ ಇನ್ನೂ ಎರಡು ದೋಷಗಳಿವೆ. ತಾಜಾ ಮಾವಿಗೆ ಇಲ್ಲದ ತೆರಿಗೆಯನ್ನು ‘ಪ್ರತ್ಯೇಕ’ ಎಂದು ಬರೆಯಲಾಗಿದೆ. ಷರತ್ತುಗಳು ಯಾವುವು ಎಂಬುದನ್ನು ಹೇಳದೆ ಅವು ಅನ್ವಯಿಸುತ್ತವೆ ಎಂದಷ್ಟೇ ಹೇಳಲಾಗಿದೆ. ಈ ಮೂರನ್ನೂ ಒಂದೊಂದಾಗಿ ನೋಡೋಣ.

ತೆರಿಗೆ: ಮೊದಲು ನಿರ್ಧರಿಸಬೇಕಾದ ಸಂಗತಿ

‘ತೆರಿಗೆ ಪ್ರತ್ಯೇಕ’ ಎಂದು ಬರೆಯುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಮಾರುವ ವಸ್ತುವಿಗೆ ತೆರಿಗೆ ಇದೆಯೇ? ಮಾರುವವರಿಗೆ ಜಿಎಸ್‌ಟಿ ನೋಂದಣಿ ಇದೆಯೇ?

ತಾಜಾ ಹಣ್ಣು ಮತ್ತು ತರಕಾರಿಗಳಿಗೆ ಜಿಎಸ್‌ಟಿ ಇಲ್ಲ. ಮಾವನ್ನು 3 ಕೆ.ಜಿ. ಪೆಟ್ಟಿಗೆಯಲ್ಲಿ ತುಂಬಿ ಹೆಸರಿನ ಚೀಟಿ ಅಂಟಿಸಿದರೂ ಇದು ಬದಲಾಗುವುದಿಲ್ಲ. ಬೆಲ್ಲ, ಜೇನು ಮತ್ತು ಧಾನ್ಯದ ಹಿಟ್ಟುಗಳ ಸ್ಥಿತಿ ಬೇರೆ. ಇವುಗಳನ್ನು ಬಿಡಿಯಾಗಿ ತೂಗಿ ಮಾರಿದರೆ ತೆರಿಗೆ ಇಲ್ಲ, 25 ಕೆ.ಜಿ. ಅಥವಾ ಅದಕ್ಕಿಂತ ಕಡಿಮೆ ತೂಕದ ಪೊಟ್ಟಣಗಳಲ್ಲಿ ಮೊದಲೇ ತುಂಬಿ ಲೇಬಲ್ ಹಚ್ಚಿ ಮಾರಿದರೆ ಶೇ. 5ರ ತೆರಿಗೆ ಅನ್ವಯಿಸುತ್ತದೆ. ಬೆಲ್ಲಕ್ಕೆ ಈ ವ್ಯವಸ್ಥೆ 2022ರ ಜುಲೈ 18ರಿಂದ ಜಾರಿಯಲ್ಲಿದೆ. ಗಾಣದ ಎಣ್ಣೆ, ಉಪ್ಪಿನಕಾಯಿ ಮುಂತಾದ ಸಂಸ್ಕರಿತ ಉತ್ಪನ್ನಗಳೂ ತೆರಿಗೆಯ ವ್ಯಾಪ್ತಿಗೆ ಸೇರುತ್ತವೆ.

ಎರಡನೆಯದು ಮಾರುವವರ ಸ್ಥಿತಿ. ಸ್ವಂತ ಶ್ರಮದಿಂದ, ಕುಟುಂಬದವರ ಶ್ರಮದಿಂದ ಅಥವಾ ತಮ್ಮ ಮೇಲ್ವಿಚಾರಣೆಯಲ್ಲಿ ಕೂಲಿಯಾಳುಗಳಿಂದ ಬೇಸಾಯ ಮಾಡುವ ರೈತರು ತಮ್ಮ ಭೂಮಿಯ ಬೆಳೆಯನ್ನು ಮಾರುವ ಮಟ್ಟಿಗೆ ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ. ಈ ವಿನಾಯಿತಿ ವ್ಯಕ್ತಿಗೆ ಹಾಗೂ ಅವಿಭಕ್ತ ಹಿಂದೂ ಕುಟುಂಬಕ್ಕೆ ಮಾತ್ರ. ರೈತ ಉತ್ಪಾದಕ ಕಂಪನಿಗೆ ಇದು ದೊರೆಯುವುದಿಲ್ಲ. ಕಂಪನಿ, ಸಂಘ ಅಥವಾ ಸಂಸ್ಕರಣೆ ಮಾಡಿ ಮಾರುವ ಉದ್ಯಮಿಗಳಿಗೆ ಕರ್ನಾಟಕದಲ್ಲಿ ಸರಕು ಮಾರಾಟದ ವಾರ್ಷಿಕ ವಹಿವಾಟು ₹40 ಲಕ್ಷ ದಾಟಿದಾಗ ನೋಂದಣಿ ಕಡ್ಡಾಯ. ತೆರಿಗೆ ಅನ್ವಯಿಸುವ ಸರಕನ್ನು ಹೊರ ರಾಜ್ಯದ ಗ್ರಾಹಕರಿಗೆ ಕಳುಹಿಸುವವರಿಗೆ ಈ ₹40 ಲಕ್ಷದ ಮಿತಿಯ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಆದ್ದರಿಂದ ನೋಂದಣಿ ಇಲ್ಲದ ಗುಂಪೊಂದು ಉಪ್ಪಿನಕಾಯಿಯ ಚಿತ್ರದ ಕೆಳಗೆ ‘ದೇಶದಾದ್ಯಂತ ಕಳುಹಿಸಲಾಗುವುದು’ ಎಂದು ಬರೆಯುವ ಮೊದಲು ತೆರಿಗೆ ಸಲಹೆಗಾರರನ್ನು ವಿಚಾರಿಸಬೇಕು.

ಇಲ್ಲಿ ನೆನಪಿಡಬೇಕಾದ ಮುಖ್ಯ ನಿಯಮವೊಂದಿದೆ. ನೋಂದಣಿ ಇಲ್ಲದವರು ಜಿಎಸ್‌ಟಿ ಹೆಸರಿನಲ್ಲಿ ಯಾವುದೇ ಹಣವನ್ನು ಗ್ರಾಹಕರಿಂದ ಪಡೆಯುವಂತಿಲ್ಲ. ರಾಜಿ ತೆರಿಗೆ ಪದ್ಧತಿ ಆಯ್ದುಕೊಂಡವರೂ ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ನಮ್ಮ ಉದಾಹರಣೆಯ ಬೆಳೆಗಾರರು ಕೊರಿಯರ್‌ಗೆ ಕೊಡುವ ₹118ರಲ್ಲಿ ₹100 ಸಾಗಣೆ ದರವಾದರೆ ₹18 ಅದರ ಮೇಲಿನ ಜಿಎಸ್‌ಟಿ. ಈ ₹18 ಕೊರಿಯರ್ ಸಂಸ್ಥೆ ಬೆಳೆಗಾರರಿಂದ ಪಡೆದ ತೆರಿಗೆ. ಬೆಳೆಗಾರರಿಗೆ ಅದು ವೆಚ್ಚ ಮಾತ್ರ. ಆದುದರಿಂದ ಅಡಿಬರಹದಲ್ಲಿ ‘ಸಾಗಣೆ ₹100, ಜಿಎಸ್‌ಟಿ ₹18’ ಎಂದು ಬಿಡಿಸಿ ಬರೆಯಬಾರದು. ‘ಸಾಗಣೆ ವೆಚ್ಚ’ ಎಂದು ಒಂದೇ ಮೊತ್ತವಾಗಿ ತೋರಿಸಬೇಕು. ಮಾವಿನ ಪೆಟ್ಟಿಗೆಯ ಅಡಿಬರಹದಲ್ಲಿ ತೆರಿಗೆಯ ಬಗ್ಗೆ ಬರೆಯಬೇಕಾದುದು ಎರಡೇ ಪದ: ‘ತೆರಿಗೆ ಇಲ್ಲ’.

ಸಾಗಣೆ ವೆಚ್ಚ: ಹಣ್ಣಿನ ತೂಕಕ್ಕಲ್ಲ, ಪೆಟ್ಟಿಗೆಯ ತೂಕಕ್ಕೆ

ಸಾಗಣೆ ವೆಚ್ಚವನ್ನು ಮೊದಲೇ ಹೇಳಲು ಅನೇಕರು ಹಿಂಜರಿಯುವುದಕ್ಕೆ ಕಾರಣವಿದೆ. ಪೆಟ್ಟಿಗೆಯನ್ನು ಕೊರಿಯರ್ ಕಚೇರಿಗೆ ಒಯ್ಯುವವರೆಗೆ ಎಷ್ಟಾಗುವುದೆಂದು ಅವರಿಗೇ ತಿಳಿದಿರುವುದಿಲ್ಲ. ಹಂಗಾಮು ಆರಂಭವಾಗುವ ಮೊದಲೇ ಒಂದು ಮಾದರಿ ಪೆಟ್ಟಿಗೆಯನ್ನು ತುಂಬಿ, ತೂಗಿ, ಅಳೆದರೆ ಈ ತೊಂದರೆ ಇರುವುದಿಲ್ಲ.

ಕೊರಿಯರ್ ಸಂಸ್ಥೆಗಳು ಎರಡು ತೂಕಗಳನ್ನು ನೋಡುತ್ತವೆ. ಒಂದು, ತಕ್ಕಡಿಯಲ್ಲಿ ಬರುವ ತೂಕ. ಇನ್ನೊಂದು, ಪೆಟ್ಟಿಗೆ ಆಕ್ರಮಿಸುವ ಜಾಗದಿಂದ ಲೆಕ್ಕ ಹಾಕುವ ಗಾತ್ರಾಧಾರಿತ ತೂಕ. ಉದ್ದ, ಅಗಲ ಮತ್ತು ಎತ್ತರಗಳನ್ನು ಸೆಂ.ಮೀ.ನಲ್ಲಿ ಅಳೆದು ಗುಣಿಸಿ, ಬಂದ ಸಂಖ್ಯೆಯನ್ನು ಹೆಚ್ಚಿನ ಸಂಸ್ಥೆಗಳು 5000ದಿಂದ ಭಾಗಿಸುತ್ತವೆ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸಲಾಗುತ್ತದೆ. ಭಾಜಕ ಸಂಖ್ಯೆ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಅದನ್ನು ಕೇಳಿ ತಿಳಿಯಬೇಕು.

ನಮ್ಮ ಪೆಟ್ಟಿಗೆಯ ಅಳತೆ 36 × 27 × 15 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಗುಣಲಬ್ಧ 14,580, ಅದನ್ನು 5000ದಿಂದ ಭಾಗಿಸಿದರೆ ಸುಮಾರು 2.9 ಕೆ.ಜಿ. ತಕ್ಕಡಿಯಲ್ಲಿ ಹಣ್ಣು, ರಟ್ಟು, ಹುಲ್ಲು ಎಲ್ಲ ಸೇರಿ 3.7 ಕೆ.ಜಿ. ಬರುತ್ತದೆ. ಇಲ್ಲಿ ತಕ್ಕಡಿಯ ತೂಕವೇ ಹೆಚ್ಚು. ಕೊರಿಯರ್‌ನವರು ಅದನ್ನು ಮುಂದಿನ ಪೂರ್ಣ ಕಿಲೋಗೆ ಏರಿಸಿ 4 ಕೆ.ಜಿ.ಗೆ ದರ ಹಾಕುತ್ತಾರೆ. ‘3 ಕೆ.ಜಿ. ಹಣ್ಣು’ ಎಂದು ದೂರವಾಣಿಯಲ್ಲಿ ಕೇಳಿ ತಿಳಿದ ದರವನ್ನೇ ಗ್ರಾಹಕರಿಗೆ ಹೇಳಿದವರು ಪ್ರತಿ ಪೆಟ್ಟಿಗೆಗೂ ಒಂದು ಕಿಲೋ ಸಾಗಣೆಯ ನಷ್ಟವನ್ನು ತಾವೇ ಹೊರಬೇಕಾಗುತ್ತದೆ, ಇಲ್ಲವೇ ಗ್ರಾಹಕರಿಂದ ಎರಡನೆಯ ಬಾರಿ ಹಣ ಕೇಳಬೇಕಾಗುತ್ತದೆ. ಹಪ್ಪಳ, ಚಿಪ್ಸ್‌ನಂತಹ ಹಗುರ ಪದಾರ್ಥಗಳಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು. 40 × 30 × 20 ಸೆಂ.ಮೀ. ಪೆಟ್ಟಿಗೆ ತಕ್ಕಡಿಯಲ್ಲಿ 2 ಕೆ.ಜಿ. ತೂಗಿದರೂ ಗಾತ್ರದ ಲೆಕ್ಕದಲ್ಲಿ 4.8 ಕೆ.ಜಿ. ಆಗುತ್ತದೆ.

ಮಾದರಿ ಪೆಟ್ಟಿಗೆಯ ತೂಕ ಮತ್ತು ಅಳತೆ ಸಿಕ್ಕ ಮೇಲೆ ತಲುಪಿಸುವ ಸ್ಥಳಗಳನ್ನು ಮೂರು ವಲಯಗಳಾಗಿ ವಿಂಗಡಿಸಿಕೊಳ್ಳುವುದು ಸೂಕ್ತ. ತೋಟದಲ್ಲಿಯೇ ಪಡೆಯುವವರು, ಬೆಂಗಳೂರು ನಗರ, ರಾಜ್ಯದ ಇತರ ಊರುಗಳು ಎಂಬಷ್ಟು ಸಾಕು. ನಮ್ಮ ಉದಾಹರಣೆಯಲ್ಲಿ ಬೆಂಗಳೂರಿಗೆ ₹118 ಆಗುವುದನ್ನು ₹120 ಎಂದೂ ಇತರ ಊರುಗಳಿಗೆ ₹160 ಎಂದೂ ನಿಗದಿ ಮಾಡಬಹುದು. ಪ್ರತಿ ಪಿನ್‌ಕೋಡ್‌ಗೂ ಬೇರೆ ದರ ಹೇಳುವುದಕ್ಕಿಂತ ವಲಯದ ಸರಾಸರಿಯನ್ನು ಒಂದೇ ದರವಾಗಿ ಇಡುವುದು ಗ್ರಾಹಕರಿಗೆ ಸುಲಭ. ಕೆಲವು ಪೆಟ್ಟಿಗೆಗಳಲ್ಲಿ ನಾಲ್ಕು ರೂಪಾಯಿ ಉಳಿದು ಕೆಲವುಗಳಲ್ಲಿ ನಾಲ್ಕು ರೂಪಾಯಿ ಹೋಗುತ್ತದೆ. ಹಂಗಾಮಿನ ಕೊನೆಗೆ ಸರಿದೂಗುತ್ತದೆ.

‘ಉಚಿತ ಡೆಲಿವರಿ’ ಎಂಬ ಪದವನ್ನು ಬಳಸುವಾಗ ಎಚ್ಚರ ಅಗತ್ಯ. ತೋಟದಲ್ಲಿ ₹490ಕ್ಕೆ ಕೊಡುವ ಪೆಟ್ಟಿಗೆಯನ್ನು ನಗರದಲ್ಲಿ ‘₹610, ಡೆಲಿವರಿ ಉಚಿತ’ ಎಂದು ಮಾರಿದರೆ ಅದು ಉಚಿತವಲ್ಲ; ತೋಟಕ್ಕೆ ಬಂದು ಒಯ್ದ ನೆಂಟರೊಬ್ಬರ ಮಾತಿನಿಂದಲೇ ಗ್ರಾಹಕರಿಗೆ ಅದು ತಿಳಿಯುತ್ತದೆ. ‘ಸಾಗಣೆ ಸೇರಿ’ ಎಂಬುದೇ ಸರಿಯಾದ ಪದ.

ಒಟ್ಟು ಮೊತ್ತ ಮೊದಲು, ವಿವರ ಅನಂತರ

ಗ್ರಾಹಕರು ಪಾವತಿಸಬೇಕಾದ ಒಟ್ಟು ಮೊತ್ತವನ್ನು ಒಂದೇ ಅಂಕಿಯಲ್ಲಿ ತೋರಿಸಿ, ಅದರೊಳಗೆ ಸಾಗಣೆ, ಕಟ್ಟುವಿಕೆ ಹಾಗೂ ತೆರಿಗೆ ಎಷ್ಟೆಂಬುದನ್ನು ಬಿಡಿಸಿ ತೋರಿಸಬೇಕೆಂಬುದು ಗ್ರಾಹಕ ರಕ್ಷಣೆ (ಇ-ವಾಣಿಜ್ಯ) ನಿಯಮಗಳು, 2020ರ ಆಶಯ. ಮೊದಲು ಕಡಿಮೆ ಬೆಲೆ ತೋರಿಸಿ, ಕೊಳ್ಳುವ ಹಂತ ಹಂತದಲ್ಲಿ ಒಂದೊಂದೇ ಶುಲ್ಕವನ್ನು ಸೇರಿಸುತ್ತ ಹೋಗುವುದನ್ನು 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಗ್ರಾಹಕರನ್ನು ದಾರಿತಪ್ಪಿಸುವ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿವೆ. ತೋಟದಿಂದ ಮಾರುವ ಸಣ್ಣ ಬೆಳೆಗಾರರೂ ಈ ಕ್ರಮವನ್ನೇ ಅನುಸರಿಸುವುದು ಕ್ಷೇಮ.

ಇದಕ್ಕೆ ವ್ಯಾವಹಾರಿಕ ಕಾರಣವೂ ಇದೆ. ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ಗಳಲ್ಲಿ ಉದ್ದನೆಯ ಅಡಿಬರಹದ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸುತ್ತವೆ. ಉಳಿದುದನ್ನು ಓದಲು ಗ್ರಾಹಕರು ಒತ್ತಿ ತೆರೆಯಬೇಕು. ವಾಟ್ಸಾಪ್‌ನಲ್ಲಿಯೂ ಉದ್ದನೆಯ ಬರಹ ಮಡಚಿಕೊಳ್ಳುತ್ತದೆ. ತೋಟದ ವರ್ಣನೆಯಿಂದ ಆರಂಭಿಸಿ ಹತ್ತನೆಯ ಸಾಲಿನಲ್ಲಿ ಸಾಗಣೆ ವೆಚ್ಚ ಬರೆದರೆ, ಬರೆದಿದ್ದೇವೆಂದು ನಾವು ಹೇಳಬಹುದು, ಓದಿಲ್ಲವೆಂದು ಗ್ರಾಹಕರು ಹೇಳಬಹುದು. ಇಬ್ಬರ ಮಾತೂ ನಿಜವೇ. ಆದುದರಿಂದ ವಸ್ತು, ಪ್ರಮಾಣ, ಒಟ್ಟು ಬೆಲೆ ಮತ್ತು ಊರು ಈ ನಾಲ್ಕು ಮೊದಲ ಸಾಲಿನಲ್ಲಿಯೇ ಇರಬೇಕು.

ಹಿಂದಿನ ಅಡಿಬರಹವನ್ನು ಈ ಕ್ರಮದಲ್ಲಿ ತಿದ್ದಿದರೆ ಹೀಗಾಗುತ್ತದೆ:

> ಬಾದಾಮಿ ಮಾವು, 3 ಕೆ.ಜಿ. ಪೆಟ್ಟಿಗೆ: ಬೆಂಗಳೂರಿನ ನಿಮ್ಮ ಮನೆಗೆ ಒಟ್ಟು ₹610.
> ಹಣ್ಣು ₹450 + ಪೆಟ್ಟಿಗೆ ₹40 + ಸಾಗಣೆ ₹120. ತೆರಿಗೆ ಇಲ್ಲ.
> ರಾಜ್ಯದ ಇತರ ಊರುಗಳಿಗೆ ಒಟ್ಟು ₹650. ತೋಟದಲ್ಲಿ ಪಡೆದರೆ ₹490.
> ಒಂದೇ ವಿಳಾಸಕ್ಕೆ (ಬೆಂಗಳೂರು) 2 ಪೆಟ್ಟಿಗೆ: ಒಟ್ಟು ₹1,180.
> ಈ ದರ ಮೇ 18ರಿಂದ 24ರವರೆಗೆ ಹಣ ಪಾವತಿಸಿದವರಿಗೆ.

ಎರಡು ಪೆಟ್ಟಿಗೆಯ ದರ ಹೇಗೆ ಬಂತೆಂಬುದನ್ನು ಗಮನಿಸಬೇಕು. ಹಣ್ಣು ಮತ್ತು ಪೆಟ್ಟಿಗೆಗೆ ₹490ರಂತೆ ₹980. ಎರಡನ್ನೂ ಒಟ್ಟಿಗೆ ಕಟ್ಟಿದಾಗ ತೂಕ 7.4 ಕೆ.ಜಿ.; 8 ಕೆ.ಜಿ. ಸಾಗಣೆಗೆ ಕೊರಿಯರ್ ದರ ತೆರಿಗೆ ಸೇರಿ ₹200 ಎಂದಿಟ್ಟುಕೊಂಡರೆ ಒಟ್ಟು ₹1,180. ಪ್ರತ್ಯೇಕವಾಗಿ ಎರಡು ಕಳುಹಿಸಿದರೆ ₹1,220 ಆಗುತ್ತಿತ್ತು. ಇಲ್ಲಿ ಗ್ರಾಹಕರಿಗೆ ಸಿಗುವ ₹40ರ ಉಳಿತಾಯ ಬೆಳೆಗಾರರ ಹಣ್ಣಿನ ಬೆಲೆಯಿಂದ ಹೋಗಿಲ್ಲ, ಸಾಗಣೆಯಿಂದ ಬಂದಿದೆ. ರಿಯಾಯಿತಿ ಕೊಡುವವರು ಈ ಲೆಕ್ಕ ಮಾಡಿಕೊಂಡೇ ಕೊಡಬೇಕು.

ನೋಂದಣಿ ಇರುವ ಸಂಸ್ಥೆಯ ಉದಾಹರಣೆ: 500 ಗ್ರಾಂ ಬೆಲ್ಲದ ಪುಡಿ

ಜಿಎಸ್‌ಟಿ ನೋಂದಣಿ ಇರುವ ರೈತ ಉತ್ಪಾದಕ ಕಂಪನಿಯೊಂದು ಬೆಲ್ಲದ ಪುಡಿಯನ್ನು 500 ಗ್ರಾಂ ಪೊಟ್ಟಣಗಳಲ್ಲಿ ಮಾರುತ್ತದೆ ಎಂದುಕೊಳ್ಳೋಣ. ಪೊಟ್ಟಣದ ಮೇಲೆ ಗರಿಷ್ಠ ಚಿಲ್ಲರೆ ಬೆಲೆ ₹75 ಎಂದು ಮುದ್ರಿಸಲಾಗಿದೆ. ಪೊಟ್ಟಣ ಸರಕುಗಳ ಕಾನೂನು ಮಾಪನಶಾಸ್ತ್ರ ನಿಯಮಗಳು, 2011ರ ಪ್ರಕಾರ ಈ ಎಂಆರ್‌ಪಿ ಎಲ್ಲ ತೆರಿಗೆಗಳನ್ನೂ ಒಳಗೊಂಡಿರುತ್ತದೆ. ₹75ರಲ್ಲಿ ಬೆಲ್ಲದ ಬೆಲೆ ₹71.43, ಶೇ. 5ರ ತೆರಿಗೆ ₹3.57.

ಇದರ ಚಿತ್ರದ ಕೆಳಗೆ ‘₹75 + ಜಿಎಸ್‌ಟಿ’ ಎಂದು ಬರೆದರೆ ಗ್ರಾಹಕರಿಂದ ₹78.75 ಕೇಳಿದಂತಾಗುತ್ತದೆ. ಇದು ಎಂಆರ್‌ಪಿಗಿಂತ ಹೆಚ್ಚಿನ ಬೆಲೆ, ಆದ್ದರಿಂದ ಅಪರಾಧ. ಚಿತ್ರದಲ್ಲಿಯೇ ಪೊಟ್ಟಣದ ಮೇಲಿನ ₹75 ಕಾಣುತ್ತಿರುವಾಗ ಕೆಳಗಿನ ಬರಹ ತಾನೇ ಸಾಕ್ಷಿಯಾಗುತ್ತದೆ.

ಸಾಗಣೆ ವೆಚ್ಚವನ್ನು ಎಂಆರ್‌ಪಿಯ ಹೊರಗೆ ಪಡೆಯಬಹುದು. ಆದರೆ ಅದನ್ನು ಮೊದಲೇ ತಿಳಿಸಿರಬೇಕು. ನೋಂದಾಯಿತ ಮಾರಾಟಗಾರರು ಸರಕಿನ ಜೊತೆಗೆ ಸಾಗಣೆ ಶುಲ್ಕವನ್ನೂ ಪಡೆದಾಗ ಆ ಶುಲ್ಕಕ್ಕೂ ಸರಕಿನ ದರದಲ್ಲಿಯೇ ತೆರಿಗೆ ಅನ್ವಯಿಸುತ್ತದೆ. ನಾಲ್ಕು ಪೊಟ್ಟಣಗಳ ಒಂದು ಬೇಡಿಕೆಯಲ್ಲಿ ಬೆಲ್ಲಕ್ಕೆ ₹300. ಸಾಗಣೆಗೆ ₹80 ಮತ್ತು ಅದರ ಮೇಲೆ ಶೇ. 5ರಂತೆ ₹4. ಒಟ್ಟು ₹384. ಅಡಿಬರಹ ಹೀಗಿರಬಹುದು:

> ಬೆಲ್ಲದ ಪುಡಿ, 500 ಗ್ರಾಂ × 4 ಪೊಟ್ಟಣ: ಬೆಂಗಳೂರು, ಮೈಸೂರು ನಗರಗಳಿಗೆ ಮನೆಗೆ ತಲುಪಿಸಿ ಒಟ್ಟು ₹384.
> ಬೆಲ್ಲ ₹300 (ಪೊಟ್ಟಣಕ್ಕೆ ಎಂಆರ್‌ಪಿ ₹75, ತೆರಿಗೆ ಸೇರಿ; ಗ್ರಾಂಗೆ ₹0.15) + ಸಾಗಣೆ ₹84 (ತೆರಿಗೆ ಸೇರಿ).
> 4ಕ್ಕಿಂತ ಕಡಿಮೆ ಪೊಟ್ಟಣ ಕಳುಹಿಸುವುದಿಲ್ಲ. ಕಂಪನಿಯ ಮಳಿಗೆಯಲ್ಲಿ ಒಂದು ಪೊಟ್ಟಣವೂ ₹75ಕ್ಕೆ ದೊರೆಯುತ್ತದೆ.

ಗ್ರಾಂಗೆ ಇಷ್ಟು ಎಂಬ ಏಕಮಾನ ಬೆಲೆ ಒಂದು ಕೆ.ಜಿ.ಗಿಂತ ಕಡಿಮೆ ತೂಕದ ಪೊಟ್ಟಣಗಳ ಲೇಬಲ್‌ನಲ್ಲಿಯೂ ಇರಬೇಕಾದ ವಿವರ. 400, 450, 500 ಗ್ರಾಂಗಳ ಬೇರೆ ಬೇರೆ ಪೊಟ್ಟಣಗಳನ್ನು ನೋಡುವ ಗ್ರಾಹಕರಿಗೆ ಹೋಲಿಸಲು ಇದರಿಂದ ಅನುಕೂಲ.

ಷರತ್ತುಗಳನ್ನು ಅಳೆಯಬಹುದಾದ ಮಾತುಗಳಲ್ಲಿ ಬರೆಯಬೇಕು

‘ಷರತ್ತುಗಳು ಅನ್ವಯ’ ಎಂಬ ಮಾತು ಗ್ರಾಹಕರಿಗೆ ಏನನ್ನೂ ತಿಳಿಸುವುದಿಲ್ಲ. ತಕರಾರು ಬಂದಾಗ ಬೆಳೆಗಾರರ ನೆರವಿಗೂ ಬರುವುದಿಲ್ಲ. ಹತ್ತು ಷರತ್ತುಗಳ ಅಗತ್ಯವಿಲ್ಲ. ನಿಜವಾಗಿ ಜಗಳಕ್ಕೆ ಕಾರಣವಾಗುವ ಮೂರು ನಾಲ್ಕನ್ನು ಸ್ಪಷ್ಟವಾಗಿ ಬರೆದರೆ ಸಾಕು. ಮಾವಿನಲ್ಲಿ ಅವು ತೂಕ, ಮಾಗುವಿಕೆ, ಹಾನಿ ಮತ್ತು ದರದ ಅವಧಿ.

ತೂಕದ ವಿಷಯ ಮೊದಲನೆಯದು. ಬಲಿತ ಕಾಯಿಯನ್ನು ಕೊಯ್ದು ಕಳುಹಿಸಿದಾಗ ಅದು ಮಾಗುವ ದಿನಗಳಲ್ಲಿ ನೀರಿನಂಶ ಕಳೆದುಕೊಂಡು ತೂಕದಲ್ಲಿ ಸ್ವಲ್ಪ ಇಳಿಯುತ್ತದೆ. ಗ್ರಾಹಕರು ನಾಲ್ಕು ದಿನಗಳ ಬಳಿಕ ಮನೆಯ ತಕ್ಕಡಿಯಲ್ಲಿ ತೂಗಿ ‘ನೂರೈವತ್ತು ಗ್ರಾಂ ಕಡಿಮೆ ಇದೆ’ ಎನ್ನುವುದು ಇದರಿಂದಲೇ. ತುಂಬುವಾಗಲೇ 100ರಿಂದ 150 ಗ್ರಾಂ ಹೆಚ್ಚು ಹಾಕಿ, ಅಡಿಬರಹದಲ್ಲಿ ‘3 ಕೆ.ಜಿ. ಎಂಬುದು ತುಂಬುವ ದಿನದ ಹಣ್ಣಿನ ತೂಕ. ಪೆಟ್ಟಿಗೆಯ ತೂಕ ಸೇರಿಲ್ಲ. ಸುಮಾರು 11ರಿಂದ 13 ಹಣ್ಣು’ ಎಂದು ಬರೆಯಬೇಕು. ಹೆಚ್ಚು ಹಾಕಿದ ಹಣ್ಣಿನ ಬೆಲೆಯನ್ನೂ ದರ ನಿಗದಿ ಮಾಡುವಾಗಲೇ ಸೇರಿಸಿಕೊಳ್ಳಬೇಕು.

ಮಾಗುವಿಕೆಯದು ಎರಡನೆಯದು. ‘ನೈಸರ್ಗಿಕವಾಗಿ ಮಾಗಿದ ಹಣ್ಣು’ ಎಂದು ಬರೆದು ಗಟ್ಟಿ ಕಾಯಿಯನ್ನು ಕಳುಹಿಸಿದರೆ ಗ್ರಾಹಕರು ಮೋಸವೆಂದು ತಿಳಿಯುತ್ತಾರೆ. ‘ಬಲಿತ ಕಾಯಿ ಕಳುಹಿಸುತ್ತೇವೆ, ಮನೆಯಲ್ಲಿ ಕಾಗದದ ಮೇಲೆ ಹರಡಿಟ್ಟರೆ 4ರಿಂದ 6 ದಿನಗಳಲ್ಲಿ ಮಾಗುತ್ತದೆ’ ಎಂಬುದು ನಿಜವಾದ ವಿವರಣೆ. ತಲುಪಿದ ದಿನವೇ ತಿನ್ನಲು ಬಯಸುವವರು ಆಗ ಕೊಳ್ಳುವುದಿಲ್ಲ, ಕೊಳ್ಳದಿರುವುದೇ ಇಬ್ಬರಿಗೂ ಒಳ್ಳೆಯದು.

ಹಾನಿಯ ಷರತ್ತಿನಲ್ಲಿ ಮೂರು ಸಂಗತಿಗಳಿರಬೇಕು: ಯಾವುದನ್ನು ಹಾನಿ ಎನ್ನುತ್ತೇವೆ, ಎಷ್ಟು ಹೊತ್ತಿನೊಳಗೆ ತಿಳಿಸಬೇಕು, ತಿಳಿಸಿದರೆ ಏನು ಕೊಡುತ್ತೇವೆ. ‘ಪೆಟ್ಟಿಗೆ ತಲುಪಿದ 24 ಗಂಟೆಗಳೊಳಗೆ ಒಡೆದ ಅಥವಾ ಕೊಳೆತ ಹಣ್ಣಿನ ಚಿತ್ರ ಕಳುಹಿಸಿದರೆ, ಹಣ್ಣೊಂದಕ್ಕೆ ₹38ರಂತೆ ಎರಡು ದಿನಗಳಲ್ಲಿ ಹಣ ಹಿಂದಿರುಗಿಸುತ್ತೇವೆ. ಸಿಪ್ಪೆಯ ಮೇಲಿನ ಸೊನೆಯ ಕಲೆ ಹಾನಿಯಲ್ಲ’ ಎಂಬಂತೆ ಬರೆಯಬಹುದು. ಹಣ್ಣಿನ ಬೆಲೆ ₹450 ಅನ್ನು 12 ಹಣ್ಣುಗಳಿಂದ ಭಾಗಿಸಿದರೆ ₹37.50 ಬರುವುದರಿಂದ ₹38. ಬದಲಿ ಹಣ್ಣು ಕಳುಹಿಸುವ ಮಾತು ಕೊಡುವವರು ಎರಡು ಹಣ್ಣಿಗಾಗಿ ಮತ್ತೊಮ್ಮೆ ಸಾಗಣೆ ವೆಚ್ಚ ಭರಿಸಬೇಕಾಗುವುದನ್ನು ನೆನಪಿನಲ್ಲಿಡಬೇಕು.

ಒಳಗೆ ಕೊಳೆತ ಅಥವಾ ಸ್ಪಂಜಿನಂತಾದ ತಿರುಳು ಬಾದಾಮಿ ತಳಿಯಲ್ಲಿ ಕಾಣುವ ದೋಷ. ಇದು ಹಣ್ಣನ್ನು ಕೊಯ್ದಾಗ ಮಾತ್ರ ತಿಳಿಯುವುದರಿಂದ 24 ಗಂಟೆಗಳ ಮಿತಿ ಇದಕ್ಕೆ ಹೊಂದುವುದಿಲ್ಲ. ಇದಕ್ಕೆ ತಲುಪಿದ ದಿನದಿಂದ 7 ದಿನಗಳ ಅವಧಿಯನ್ನು ಪ್ರತ್ಯೇಕವಾಗಿ ಬರೆಯುವುದು ನ್ಯಾಯ. ಹೊರಗಿನ ಹಾನಿಗೆ ಇಟ್ಟ ಗಡುವನ್ನೇ ಒಳಗಿನ ದೋಷಕ್ಕೂ ಹಚ್ಚಿದರೆ ಗ್ರಾಹಕರು ತಿಳಿಸುವ ಹೊತ್ತಿಗೆ ಗಡುವು ಮುಗಿದಿರುತ್ತದೆ.

ಒಟ್ಟುಗೂಡಿಸಿದ ಬೇಡಿಕೆಯ ಸಾಗಣೆ: ಕಡಿಮೆ ಬಿದ್ದರೆ ಯಾರ ಹೊಣೆ?

ನಗರದ ಅಪಾರ್ಟ್‌ಮೆಂಟ್ ಸಮುಚ್ಚಯಗಳ ವಾಟ್ಸಾಪ್ ಗುಂಪುಗಳಲ್ಲಿ ಬೇಡಿಕೆ ಸಂಗ್ರಹಿಸಿ ಒಂದೇ ವಾಹನದಲ್ಲಿ ಪೆಟ್ಟಿಗೆಗಳನ್ನು ಒಯ್ಯುವ ಪದ್ಧತಿಯಲ್ಲಿ ಸಾಗಣೆ ಅಗ್ಗವಾಗುತ್ತದೆ. ಆದರೆ ಅಡಿಬರಹದ ಅತಿ ದೊಡ್ಡ ತಕರಾರು ಹುಟ್ಟುವುದೂ ಇಲ್ಲಿಯೇ.

ವಾಹನದ ಬಾಡಿಗೆ ₹3,600 ಎಂದಿಟ್ಟುಕೊಳ್ಳೋಣ. 60 ಪೆಟ್ಟಿಗೆಗಳಿದ್ದರೆ ಪೆಟ್ಟಿಗೆಗೆ ₹60. ಆಗ ಒಟ್ಟು ಬೆಲೆ ₹550. ಬೆಳೆಗಾರರು ಇದನ್ನೇ ಬರೆದು ಬೇಡಿಕೆ ಸಂಗ್ರಹಿಸುತ್ತಾರೆ. ಗಡುವಿನ ದಿನ 40 ಪೆಟ್ಟಿಗೆಗಳಿಗೆ ಮಾತ್ರ ಹಣ ಬಂದರೆ ಸಾಗಣೆ ಪೆಟ್ಟಿಗೆಗೆ ₹90 ಆಗುತ್ತದೆ. ಹಣ ಕೊಟ್ಟ ನಲವತ್ತು ಮಂದಿಯಿಂದ ಮತ್ತೆ ₹30 ಕೇಳಿದರೆ ಗುಂಪಿನಲ್ಲಿ ಎಲ್ಲರೂ ನೋಡುವಂತೆ ಜಗಳ ಆರಂಭವಾಗುತ್ತದೆ. ಕೇಳದಿದ್ದರೆ ಬೆಳೆಗಾರರಿಗೆ ₹1,200 ನಷ್ಟ.

ಇದಕ್ಕೆ ಪರಿಹಾರವೆಂದರೆ ಕಡಿಮೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಮೊದಲೇ ಬರೆಯುವುದು. ಎರಡು ಕ್ರಮಗಳಿವೆ. ಒಂದು, ‘ಶುಕ್ರವಾರ ಸಂಜೆ 6ರೊಳಗೆ 60 ಪೆಟ್ಟಿಗೆ ಆಗದಿದ್ದರೆ ಈ ಬಾರಿಯ ವಾಹನ ಹೊರಡುವುದಿಲ್ಲ, ಪೂರ್ತಿ ಹಣವನ್ನು ಶನಿವಾರ ಹಿಂದಿರುಗಿಸುತ್ತೇವೆ’ ಎನ್ನುವುದು. ಇದನ್ನು ಅನುಸರಿಸುವವರು ಗಡುವಿನವರೆಗೂ ಕೊಯ್ಲು ಮಾಡಬಾರದು. ಇನ್ನೊಂದು, ಸುರಕ್ಷಿತ ಸಂಖ್ಯೆಯಾದ 40ಕ್ಕೇ ಲೆಕ್ಕ ಹಾಕಿ ಒಟ್ಟು ₹580 ಎಂದು ಬರೆದು, ‘60 ದಾಟಿದರೆ ಪ್ರತಿ ಪೆಟ್ಟಿಗೆಗೆ ₹30 ಹಿಂದಿರುಗಿಸುತ್ತೇವೆ’ ಎನ್ನುವುದು. ಬೇಗ ಕೆಡುವ ಹಣ್ಣಿಗೆ ಎರಡನೆಯ ಕ್ರಮವೇ ಹೆಚ್ಚು ಸೂಕ್ತ. ಹಣ ಹಿಂದೆ ಬಂದಾಗ ಯಾರೂ ತಕರಾರು ಮಾಡುವುದಿಲ್ಲ. ವಾಹನ ಗೇಟಿನವರೆಗೆ ಮಾತ್ರ ಬರುವುದೋ ಮನೆ ಬಾಗಿಲಿಗೆ ಪೆಟ್ಟಿಗೆ ಬರುವುದೋ ಎಂಬುದನ್ನೂ ನಮೂದಿಸಬೇಕು.

ಹಳೆಯ ಅಡಿಬರಹಗಳ ವಿಷಯದಲ್ಲಿ ಎಚ್ಚರ

ಚಿತ್ರವನ್ನು ಒಬ್ಬರಿಂದೊಬ್ಬರಿಗೆ ಕಳುಹಿಸುವಾಗ ಅಡಿಬರಹ ಬಿಟ್ಟುಹೋಗಬಹುದು. ಏಪ್ರಿಲ್‌ನ ಚಿತ್ರ ಜೂನ್‌ನಲ್ಲಿ ಮತ್ತೊಂದು ಗುಂಪಿಗೆ ತಲುಪಬಹುದು. ಆದುದರಿಂದ ಒಟ್ಟು ಬೆಲೆ, ಪ್ರಮಾಣ, ಊರು ಮತ್ತು ದರದ ಕೊನೆಯ ದಿನಾಂಕವನ್ನು ಚಿತ್ರದ ಮೇಲೆಯೂ ಬರೆಯಬೇಕು. ದರ ಬದಲಾದಾಗ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನ ಹಳೆಯ ಅಡಿಬರಹದ ಮೊದಲ ಸಾಲಿಗೆ ‘ಈ ದರ ಮೇ 24ಕ್ಕೆ ಮುಗಿದಿದೆ’ ಎಂದು ಸೇರಿಸಬೇಕು. ಹಳೆಯ ದರಕ್ಕೆ ಈಗಾಗಲೇ ಹಣ ಕೊಟ್ಟವರಿಗೆ ಹಳೆಯ ದರದಲ್ಲಿಯೇ ಕಳುಹಿಸಬೇಕು.

ವಿಸ್ತರಣಾ ಕಾರ್ಯಕರ್ತರು ಪರಿಶೀಲಿಸುವ ಕ್ರಮ

ರೈತರ ಗುಂಪುಗಳಿಗೆ ತರಬೇತಿ ನೀಡುವಾಗ ಸರಳ ಪರೀಕ್ಷೆಯೊಂದನ್ನು ಮಾಡಿಸಬಹುದು. ಸಿದ್ಧಪಡಿಸಿದ ಅಡಿಬರಹವನ್ನು ಆ ಬೆಳೆಯ ಬಗ್ಗೆ ತಿಳಿಯದ ಒಬ್ಬರಿಗೆ ತೋರಿಸಿ, ಹಿಂದಿರುಗಿ ಪಡೆದು, ನಾಲ್ಕು ಪ್ರಶ್ನೆ ಕೇಳಬೇಕು: ನಿಮ್ಮ ಮನೆಗೆ ಬರಲು ಒಟ್ಟು ಎಷ್ಟು ಕೊಡಬೇಕು? ಅದಕ್ಕೆ ಎಷ್ಟು ಹಣ್ಣು ಬರುತ್ತದೆ? ಯಾವ ದಿನದವರೆಗೆ ಈ ದರ? ಎರಡು ಹಣ್ಣು ಕೊಳೆತಿದ್ದರೆ ಏನು ಮಾಡುತ್ತೀರಿ? ನಾಲ್ಕಕ್ಕೂ ಸರಿಯಾದ ಉತ್ತರ ಬಂದರೆ ಬರಹ ಸಿದ್ಧ.

ಬರಹವನ್ನು ಪ್ರಕಟಿಸಿದ ಮೇಲೆ ಬರುವ ವಿಚಾರಣೆಗಳನ್ನು ಗಮನಿಸಬೇಕು. ಕರೆ ಮಾಡಿದವರಲ್ಲಿ ಹೆಚ್ಚಿನವರು ‘ಡೆಲಿವರಿ ಸೇರಿ ಎಷ್ಟಾಗುತ್ತದೆ?’ ಎಂದು ಕೇಳುತ್ತಿದ್ದರೆ ಒಟ್ಟು ಬೆಲೆ ಮೊದಲ ಸಾಲಿನಲ್ಲಿಲ್ಲ ಎಂದರ್ಥ. ‘ನಮ್ಮ ಊರಿಗೆ ಬರುತ್ತದೆಯೇ?’ ಎಂಬ ಪ್ರಶ್ನೆ ಮರುಕಳಿಸಿದರೆ ವಲಯದ ವಿವರ ಅಸ್ಪಷ್ಟವಾಗಿದೆ. ಮೊದಲು ವಿಚಾರಿಸಿ, ಒಟ್ಟು ಮೊತ್ತ ತಿಳಿದ ಮೇಲೆ ಉತ್ತರಿಸದೆ ಉಳಿದವರ ಸಂಖ್ಯೆಯನ್ನು ಒಂದು ವಾರ ಬರೆದಿಟ್ಟು, ಬರಹ ತಿದ್ದಿದ ಮುಂದಿನ ವಾರದ ಸಂಖ್ಯೆಯೊಂದಿಗೆ ಹೋಲಿಸಬೇಕು. ಒಟ್ಟು ಬೆಲೆಯನ್ನು ಮೊದಲೇ ತೋರಿಸಿದಾಗ ಕರೆಗಳ ಸಂಖ್ಯೆ ಕಡಿಮೆಯಾಗಬಹುದು. ಆದರೆ ಕರೆ ಮಾಡಿದವರಲ್ಲಿ ಎಷ್ಟು ಮಂದಿ ಹಣ ಕಳುಹಿಸಿದರು ಎಂಬುದನ್ನೇ ಅಳತೆಯಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಕೊಯ್ಲಿನ ಪ್ರಮಾಣವನ್ನು ನಿರ್ಧರಿಸುವುದು ಆ ಸಂಖ್ಯೆ.

ತೆರಿಗೆ ದರಗಳು ಮತ್ತು ಕೊರಿಯರ್ ದರಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಪ್ರತಿ ಹಂಗಾಮಿನ ಆರಂಭದಲ್ಲಿ ಇವೆರಡನ್ನೂ ವಿಚಾರಿಸಿ, ಮಾದರಿ ಪೆಟ್ಟಿಗೆಯನ್ನು ಮತ್ತೊಮ್ಮೆ ತೂಗಿ, ಅನಂತರವೇ ಹೊಸ ಅಡಿಬರಹವನ್ನು ಸಿದ್ಧಪಡಿಸಬೇಕು.